ಸಾಲ ಪಡೆಯದೆ ಕಳೆಯುವ ಸರ್ಕ್ಯೂಟ್

73ರಿಂದ 48ನ್ನು ಕಳೆಯುವಾಗ ಮೂರರಿಂದ ಎಂಟು ಹೋಗದೆ ಪಕ್ಕದ ಹತ್ತರ ಸ್ಥಾನದಿಂದ ಸಾಲ ಪಡೆಯುವುದನ್ನು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲೇ ಕಲಿತಿದ್ದೇವೆ. ಇದೇ ಲೆಕ್ಕವನ್ನು ಸಾಲದ ಗೊಡವೆಯೇ ಇಲ್ಲದೆ ಮಾಡುವ ದಾರಿಯೊಂದಿದೆ. ಮೊದಲು 99ರಿಂದ 48ನ್ನು ಕಳೆಯಿರಿ. ಒಂಬತ್ತಕ್ಕಿಂತ ದೊಡ್ಡ ಅಂಕಿ ಇಲ್ಲದಿರುವುದರಿಂದ ಇಲ್ಲಿ ಯಾವ ಸ್ಥಾನದಲ್ಲೂ ಸಾಲ ಬೇಕಾಗುವುದಿಲ್ಲ, ಉತ್ತರ 51. ಅದಕ್ಕೆ 73ನ್ನೂ ಮತ್ತೆ ಒಂದನ್ನೂ ಕೂಡಿದರೆ 125 ಬರುತ್ತದೆ. ನಾವು ಸೇರಿಸಿದ್ದು ಒಟ್ಟು 99 ಮತ್ತು 1, ಅಂದರೆ ನೂರು. ಆದ್ದರಿಂದ ಮುಂದಿನ ನೂರನ್ನು ಕೈಬಿಟ್ಟರೆ ಉಳಿಯುವ 25 ಸರಿಯಾದ ಉತ್ತರ.

ದ್ವಿಮಾನ ಪದ್ಧತಿಯಲ್ಲಿ ಈ ಉಪಾಯ ಇನ್ನಷ್ಟು ಸುಲಭವಾಗುತ್ತದೆ. ಎಂಟು ಬಿಟ್‌ಗಳಲ್ಲಿ 99ರ ಜಾಗಕ್ಕೆ ಬರುವುದು ಎಂಟು ಒಂದುಗಳ ಸಾಲು, ಅಂದರೆ 255. ಅದರಿಂದ ಯಾವುದೇ ಸಂಖ್ಯೆಯನ್ನು ಕಳೆಯುವುದೆಂದರೆ ಆ ಸಂಖ್ಯೆಯ ಸೊನ್ನೆಗಳನ್ನು ಒಂದಾಗಿಯೂ ಒಂದುಗಳನ್ನು ಸೊನ್ನೆಯಾಗಿಯೂ ತಿರುಗಿಸುವುದು, ಅಷ್ಟೇ. ಹೀಗೆ ತಿರುಗಿಸಿ ಒಂದನ್ನು ಕೂಡಿದಾಗ ಸಿಗುವುದೇ ಎರಡರ ಪೂರಕ.

```
   01001001    73
 + 11001111    48 → ~48
 +        1
 1 00011001    25
```

ಎಡತುದಿಯಲ್ಲಿ ಹೊರಬಿದ್ದ ಒಂದರ ಬೆಲೆ 256. ಎಂಟು ಬಿಟ್‌ಗಳ ರಿಜಿಸ್ಟರ್‌ನಲ್ಲಿ ಅದಕ್ಕೆ ಸ್ಥಳವಿಲ್ಲದಿರುವುದರಿಂದ ಅದು ತಾನಾಗಿಯೇ ಬಿದ್ದುಹೋಗುತ್ತದೆ.

ಇದನ್ನು ಸರ್ಕ್ಯೂಟ್ ಆಗಿಸಲು ಬೇಕಾಗುವ ಹೆಚ್ಚುವರಿ ಭಾಗಗಳು ತೀರ ಕಡಿಮೆ. ಕೂಡುವ ಸರ್ಕ್ಯೂಟ್‌ನ ಎರಡನೆಯ ಸಂಖ್ಯೆಯ ಪ್ರತಿಯೊಂದು ಬಿಟ್‌ನ ದಾರಿಯಲ್ಲಿ, ಎರಡು ಇನ್‌ಪುಟ್‌ಗಳು ಬೇರೆಬೇರೆಯಾದಾಗ ಮಾತ್ರ ಒಂದನ್ನು ಕೊಡುವ ಒಂದೊಂದು ಎಕ್ಸ್‌ಆರ್ ಗೇಟ್ ಇಟ್ಟು, ಅವೆಲ್ಲದರ ಇನ್ನೊಂದು ಇನ್‌ಪುಟ್‌ಗೆ ಒಂದೇ ನಿಯಂತ್ರಣ ತಂತಿಯನ್ನು ಜೋಡಿಸುತ್ತಾರೆ. ಆ ತಂತಿಯಲ್ಲಿ ಸೊನ್ನೆ ಇದ್ದರೆ ಬಿಟ್‌ಗಳು ಇದ್ದಂತೆಯೇ ಸಾಗುತ್ತವೆ, ಒಂದು ಇದ್ದರೆ ತಿರುಗುತ್ತವೆ. ನನಗೆ ಅತ್ಯಂತ ಸೊಗಸಾಗಿ ಕಾಣುವುದು ಮುಂದಿನ ಹೆಜ್ಜೆ. ಕೂಡುವ ಸರ್ಕ್ಯೂಟ್‌ನ ಪ್ರತಿಯೊಂದು ಹಂತಕ್ಕೂ ಅದರ ಬಲಗಡೆಯ ಹಂತದಿಂದ ಕ್ಯಾರಿ, ಅಂದರೆ ಶಾಲೆಯಲ್ಲಿ ನಾವು ದಶಕ ಎನ್ನುತ್ತಿದ್ದುದು, ಬರುತ್ತದೆ; ಆದರೆ ಬಲತುದಿಯ ಮೊದಲ ಹಂತಕ್ಕೆ ಕ್ಯಾರಿ ಕೊಡುವವರು ಯಾರೂ ಇಲ್ಲ. ಅದೇ ನಿಯಂತ್ರಣ ತಂತಿಯನ್ನು ಆ ಖಾಲಿ ಇನ್‌ಪುಟ್‌ಗೂ ಜೋಡಿಸಿದರೆ, ಕೂಡಬೇಕಾಗಿದ್ದ ಒಂದು ಪ್ರತ್ಯೇಕ ಸಂಕಲನವಿಲ್ಲದೆ ಒಳಗೆ ಸೇರುತ್ತದೆ.

ಋಣ ಸಂಖ್ಯೆಗಳಿಗೂ ಇದೇ ಸರ್ಕ್ಯೂಟ್ ಸಾಕಾಗುತ್ತದೆ. ಎಡತುದಿಯ ಬಿಟ್‌ನ ಬೆಲೆ 128ರ ಬದಲು −128 ಎಂದು ಓದಿದರೆ, ಎಂಟು ಬಿಟ್‌ಗಳಲ್ಲಿ −128ರಿಂದ 127ರವರೆಗಿನ ಸಂಖ್ಯೆಗಳು ಸಿಗುತ್ತವೆ. 11001110 ಎಂಬುದನ್ನು ಒಬ್ಬರು 206 ಎಂದೂ ಇನ್ನೊಬ್ಬರು −50 ಎಂದೂ ಓದಬಹುದು. ಇವೆರಡರ ನಡುವಿನ ಅಂತರ ಸರಿಯಾಗಿ 256. ಸರ್ಕ್ಯೂಟ್ ಹೇಗೂ 256ನ್ನು ಕೈಬಿಡುವುದರಿಂದ, ಓದುವವರ ಉದ್ದೇಶ ಯಾವುದೆಂದು ಅದು ತಿಳಿದುಕೊಳ್ಳಬೇಕಾಗಿಲ್ಲ.

ತೊಡಕು ಹುಟ್ಟುವುದು ಉತ್ತರ ಆ ವ್ಯಾಪ್ತಿಯಲ್ಲಿ ಹಿಡಿಸದಿದ್ದಾಗ. 100 ಮತ್ತು 50ನ್ನು ಕೂಡಿದರೆ 10010110 ಬರುತ್ತದೆ. ಚಿಹ್ನೆಸಹಿತ ಸಂಖ್ಯೆಯಾಗಿ ಅದು −106. ಹೊರಬೀಳುವ ಕ್ಯಾರಿಯನ್ನು ನೋಡಿ ಈ ತಪ್ಪನ್ನು ಹಿಡಿಯಬಹುದೆಂದು ಹಲವರು ಭಾವಿಸುತ್ತಾರೆ, ಆದರೆ ಇಲ್ಲಿ ಕ್ಯಾರಿ ಹೊರಬಿದ್ದೇ ಇಲ್ಲ; ಮೇಲಿನ 73ರ ಲೆಕ್ಕದಲ್ಲಿ ಕ್ಯಾರಿ ಹೊರಬಿದ್ದರೂ ಉತ್ತರ ಸರಿಯಾಗಿತ್ತು. ನೋಡಬೇಕಾದದ್ದು ಎಡತುದಿಯ ಹಂತಕ್ಕೆ ಒಳಬರುವ ಮತ್ತು ಅದರಿಂದ ಹೊರಹೋಗುವ ಎರಡೂ ಕ್ಯಾರಿಗಳನ್ನು. ಎರಡು ಧನ ಸಂಖ್ಯೆಗಳ ಚಿಹ್ನೆಯ ಬಿಟ್‌ಗಳು ಸೊನ್ನೆ ಮತ್ತು ಸೊನ್ನೆಯಾದ್ದರಿಂದ ಆ ಹಂತದಿಂದ ಕ್ಯಾರಿ ಎಂದೂ ಹೊರಡದು. ಒಳಗೆ ಒಂದು ಬಂದರೆ ಅದು ನೇರವಾಗಿ ಚಿಹ್ನೆಯ ಜಾಗದಲ್ಲಿ ಕುಳಿತು ಉತ್ತರವನ್ನು ಋಣವಾಗಿಸುತ್ತದೆ. ಎರಡು ಋಣ ಸಂಖ್ಯೆಗಳಿದ್ದರೆ ಕ್ಯಾರಿ ಖಂಡಿತ ಹೊರಡುತ್ತದೆ. ಒಳಗೆ ಏನೂ ಬರದಿದ್ದರೆ ಚಿಹ್ನೆ ಸೊನ್ನೆಯಾಗಿ ಉತ್ತರ ಧನವಾಗುತ್ತದೆ. ಚಿಹ್ನೆಗಳು ಬೇರೆಬೇರೆಯಾದಾಗ ಒಳಬಂದದ್ದೇ ಹೊರಹೋಗುತ್ತದೆ, ತಪ್ಪಿಗೆ ಅವಕಾಶವೇ ಇಲ್ಲ. ಹಾಗಾಗಿ ಈ ಎರಡು ಕ್ಯಾರಿಗಳನ್ನು ಇನ್ನೊಂದು ಎಕ್ಸ್‌ಆರ್ ಗೇಟ್‌ಗೆ ಕೊಟ್ಟರೆ ಅದರ ಔಟ್‌ಪುಟ್ಟೇ ಓವರ್‌ಫ್ಲೋ ಸೂಚನೆಯಾಗುತ್ತದೆ.

ಈ ಸೂಚನೆ ಇಲ್ಲದೆ ಎರಡು ಸಂಖ್ಯೆಗಳನ್ನು ಹೋಲಿಸುವುದೂ ಕಷ್ಟ. −100ರಿಂದ 50ನ್ನು ಕಳೆದರೆ ರಿಜಿಸ್ಟರ್‌ನಲ್ಲಿ 106 ಉಳಿಯುತ್ತದೆ. ಚಿಹ್ನೆಯನ್ನಷ್ಟೇ ನಂಬಿದರೆ −100 ದೊಡ್ಡದೆಂಬ ತೀರ್ಮಾನಕ್ಕೆ ಬರುತ್ತೇವೆ. 1978ರ ಇಂಟೆಲ್ 8086 ಪ್ರೊಸೆಸರ್‌ನಲ್ಲಿ ‘ಚಿಕ್ಕದಾಗಿದ್ದರೆ ಜಿಗಿ’ ಎನ್ನುವ `JL` ಆದೇಶ ಚಿಹ್ನೆಯ ಫ್ಲ್ಯಾಗ್ ಮತ್ತು ಓವರ್‌ಫ್ಲೋ ಫ್ಲ್ಯಾಗ್ ಬೇರೆಬೇರೆಯಾಗಿದ್ದಾಗ ಮಾತ್ರ ಜಿಗಿಯುವುದು ಇದೇ ಕಾರಣಕ್ಕೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಹುಕಾಲ ಕಲಿಸಿದ 8085ರ ಐದು ಅಧಿಕೃತ ಫ್ಲ್ಯಾಗ್‌ಗಳಲ್ಲಿ ಓವರ್‌ಫ್ಲೋ ಇರಲಿಲ್ಲ. ಅಲ್ಲಿ ಚಿಹ್ನೆಸಹಿತ ಹೋಲಿಕೆ ಬೇಕಾದರೆ ಆ ಕೆಲಸವನ್ನು ಪ್ರೋಗ್ರಾಂ ಬರೆಯುವವರೇ ಮಾಡಬೇಕಿತ್ತು.

ವ್ಯಾಪ್ತಿಯ ಒಂದು ತುದಿಯಲ್ಲಿ ಈ ಪದ್ಧತಿಯ ಅಸಮತೋಲ ಉಳಿದೇ ಇದೆ. −128 ಇದೆ, ಆದರೆ 128 ಇಲ್ಲ. 10000000ನ್ನು ತಿರುಗಿಸಿ ಒಂದನ್ನು ಕೂಡಿದರೆ ಮತ್ತೆ 10000000 ಬರುತ್ತದೆ, ಮತ್ತು ಓವರ್‌ಫ್ಲೋ ಸೂಚನೆ ಹೊತ್ತಿಕೊಳ್ಳುತ್ತದೆ. ಆದರೆ ಆ ಸೂಚನೆಯನ್ನು ಓದದೆ ಮುಂದೆ ಸಾಗುವ ಭಾಷೆಗಳೂ ಇವೆ: 32 ಬಿಟ್‌ಗಳ ಜಾವಾ ಪೂರ್ಣಾಂಕದಲ್ಲಿ `Math.abs(Integer.MIN_VALUE)` ಎಂದು ಕೇಳಿದರೆ, ಯಾವ ಎಚ್ಚರಿಕೆಯೂ ಇಲ್ಲದೆ −2147483648 ಎಂಬ ಋಣ ಸಂಖ್ಯೆಯೇ ಉತ್ತರವಾಗಿ ಬರುತ್ತದೆ.