ಡಾಕ್ಟರ್ ಬರೆದುಕೊಟ್ಟ ಮೇಲೂ ಮೆಡಿಕಲ್‌ನಲ್ಲಿ ಕೂಸಿನ ತೂಕ ಯಾಕೆ ಕೇಳ್ತಾರೆ?

ಜೇವರ್ಗಿ ಕಡೆಯ ಓದುಗರೊಬ್ಬರ ಪ್ರಶ್ನೆ: "ಮಗನಿಗೆ ಜ್ವರ, ನೆಗಡಿ, ಕಿವಿನೋವು ಅಂತ ಕಲಬುರಗಿಗೆ ಕರ್ಕೊಂಡು ಬಂದಿದ್ವಿ. ಡಾಕ್ಟರ್ ಚೀಟಿ ಬರೆದುಕೊಟ್ರು. ಮೆಡಿಕಲ್‌ನಲ್ಲಿ ತೋರಿಸಿದ್ರೆ ವಯಸ್ಸೆಷ್ಟು, ತೂಕ ಎಷ್ಟು, ಮನೆಯಲ್ಲಿ ಬೇರೆ ಸಿರಪ್ ಇದೆಯಾ, ಊರು ಯಾವುದು ಅಂತೆಲ್ಲ ಕೇಳಿದರು. ಕೊನೆಗೆ ಡಾಕ್ಟರಿಗೇ ಫೋನ್ ಮಾಡಿದರು. ಅಷ್ಟರಲ್ಲಿ ನಮ್ಮ ಬಸ್ ಹೋಯ್ತು. ಡಾಕ್ಟರೇ ಬರೆದ ಮೇಲೆ ಇವರದೇನು ಕೆಲಸ?"

ಬಸ್ ತಪ್ಪಿದ್ದಕ್ಕೆ ಸಿಟ್ಟು ಬರೋದು ಸಹಜ. ಆದರೆ ಆ ಫಾರ್ಮಸಿಸ್ಟ್ ಮಾಡಿದ್ದು ಸರಿಯಾದ ಕೆಲಸ. ನಾನೂ ಇದೇ ಊರಲ್ಲಿ ಇದೇ ಕೆಲಸ ಮಾಡುವವನು. ಹಾಗಾಗಿ ಚೀಟಿ ಕೈಗೆ ಬಂದಾಗ ನಾವು ಏನು ನೋಡುತ್ತೇವೆ ಅನ್ನೋದನ್ನ ಒಂದು ಚೀಟಿ ಇಟ್ಟುಕೊಂಡೇ ಹೇಳುತ್ತೇನೆ.

ಚೀಟಿಯಲ್ಲಿ ಮೂರು ಔಷಧ ಇವೆ ಅಂದುಕೊಳ್ಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್, 5 ಎಂಎಲ್, ದಿನಕ್ಕೆ ಮೂರು ಸಲ. ನೆಗಡಿಗೆ ಒಂದು ಸಿರಪ್, ಕಂಪನಿ ಹೆಸರಲ್ಲಿ, ಅದೂ 5 ಎಂಎಲ್, ಮೂರು ಸಲ. ಕಿವಿಯ ಸೋಂಕಿಗೆ ಸೆಫಿಕ್ಸಿಮ್ ಡ್ರೈ ಸಿರಪ್, 5 ಎಂಎಲ್, ದಿನಕ್ಕೆ ಎರಡು ಸಲ, ಐದು ದಿನ. ಮೇಲೆ ಮಗುವಿನ ಹೆಸರಿದೆ. ವಯಸ್ಸಿಲ್ಲ, ತೂಕವಿಲ್ಲ.

ಮೊದಲ ಮಾತು ಅಲ್ಲಿಂದಲೇ ಶುರುವಾಗುತ್ತದೆ.

"ಅಕ್ಕಾರ, ಕೂಸಿಗೆ ಎಷ್ಟ್ ವರ್ಷ?"

"ಮೂರು ತುಂಬ್ಯಾವ್ರೀ."

"ತೂಕ ಮಾಡ್ಯಾರೇನ್ರಿ ದವಾಖಾನಿದಾಗ?"

"ಹನ್ನೆರಡು ಕೆ.ಜಿ. ಅದ ಅಂದ್ರು."

ದೊಡ್ಡವರಿಗೆ ಗುಳಿಗೆ ಲೆಕ್ಕ ಹೆಚ್ಚುಕಡಿಮೆ ಒಂದೇ ಇರುತ್ತದೆ. ಮಕ್ಕಳಿಗೆ ಹಾಗಲ್ಲ. ಅವರ ಲೆಕ್ಕವೆಲ್ಲ ತೂಕದ ಮೇಲೆ. ಮೂರು ವರ್ಷದ ಒಂದು ಕೂಸು 10 ಕೆ.ಜಿ. ಇರಬಹುದು, ಇನ್ನೊಂದು 15 ಕೆ.ಜಿ. ಇರಬಹುದು. ವಯಸ್ಸು ಒಂದೇ ಆದರೂ ಡೋಸ್ ಒಂದೇ ಆಗೋದಿಲ್ಲ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಪ್ರತಿ ಕೆ.ಜಿ.ಗೆ 10ರಿಂದ 15 ಎಂಜಿ ಕೊಡಬಹುದು. 12 ಕೆ.ಜಿ. ಕೂಸಿಗೆ ಅದು 120ರಿಂದ 180 ಎಂಜಿ ಆಯಿತು. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ದಿನದ ಒಟ್ಟು ಮಿತಿಯನ್ನ ಸಾಮಾನ್ಯವಾಗಿ ಕೆ.ಜಿ.ಗೆ 60 ಎಂಜಿ ಅಂತ ಹಿಡಿಯುತ್ತೇವೆ. ಈ ಕೂಸಿಗೆ 720 ಎಂಜಿ.

ಈಗ ಚೀಟಿ ಮತ್ತೆ ನೋಡಿ. "5 ಎಂಎಲ್" ಅಂತ ಇದೆ, ಆದರೆ ಯಾವ ಸಿರಪ್‌ನ 5 ಎಂಎಲ್? ನಮ್ಮ ಶೆಲ್ಫಿನಲ್ಲಿ ಪ್ಯಾರಾಸಿಟಮಾಲ್ ಸಿರಪ್ ಎರಡು ಥರ ಇರುತ್ತದೆ. ಒಂದರಲ್ಲಿ 5 ಎಂಎಲ್‌ಗೆ 120 ಎಂಜಿ, ಇನ್ನೊಂದರಲ್ಲಿ 5 ಎಂಎಲ್‌ಗೆ 250 ಎಂಜಿ. ಎಷ್ಟೋ ಕಂಪನಿಗಳಲ್ಲಿ ಎರಡಕ್ಕೂ ಹೆಸರು ಒಂದೇ, ಡಬ್ಬಿಯೂ ನೋಡಲು ಒಂದೇ ಥರ, ಮೂಲೆಯಲ್ಲಿ ಬರೆದ ಸಂಖ್ಯೆ ಮಾತ್ರ ಬೇರೆ. ಮೊದಲನೆಯದನ್ನ ಕೊಟ್ಟರೆ ಕೂಸಿಗೆ 120 ಎಂಜಿ ಹೋಗುತ್ತದೆ, ಸರಿಯಾಗಿದೆ. ಎರಡನೆಯದು ಕೊಟ್ಟರೆ 250 ಎಂಜಿ, ಅಂದರೆ ಕೆ.ಜಿ.ಗೆ ಸುಮಾರು 21 ಎಂಜಿ. ಅದೇ ಚೀಟಿ, ಅದೇ ಮುಚ್ಚಳ, ಔಷಧ ಮಾತ್ರ ಎರಡರಷ್ಟು. ಇನ್ನು ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಒಂದೊಂದು ಎಂಎಲ್‌ಗೇ 100 ಎಂಜಿ ಇರುತ್ತದೆ. ಅದನ್ನ ಸಿರಪ್ ಅಂದುಕೊಂಡು 5 ಎಂಎಲ್ ಕುಡಿಸಿದರೆ 500 ಎಂಜಿ! ಅದಕ್ಕೇ ಎಂಎಲ್ ಜೊತೆಗೆ ಎಂಜಿ ಕೂಡ ಗೊತ್ತಾಗದ ಹೊರತು ನಾವು ಬಾಟ್ಲಿ ಕೈಗೆ ಕೊಡಬಾರದು.

ನೆಗಡಿ ಸಿರಪ್‌ಗೆ ಬರೋಣ. ಹೆಸರಲ್ಲಿ ಎಲ್ಲೂ ಪ್ಯಾರಾಸಿಟಮಾಲ್ ಅಂತ ಇಲ್ಲ. ಬಾಟ್ಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರೆ ಮೂರು ಹೆಸರು ಸಿಗುತ್ತವೆ: ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್, ಮತ್ತು 5 ಎಂಎಲ್‌ಗೆ 125 ಎಂಜಿಯಂತೆ ಪ್ಯಾರಾಸಿಟಮಾಲ್. ಮಕ್ಕಳ ನೆಗಡಿ ಸಿರಪ್‌ಗಳಲ್ಲಿ ಇಂಥ ಮಿಶ್ರಣ ಬಹಳ. ಒಂದೇ ಔಷಧ ಎರಡು ಬೇರೆ ಹೆಸರಿನ ಬಾಟ್ಲಿಗಳಿಂದ ಹೋಗುವುದು ಅಂದರೆ ಇದೇ. ನನ್ನ ಅನುಭವದಲ್ಲಿ ಚೀಟಿಯಲ್ಲಿ ಕಣ್ಣು ತಪ್ಪಿ ಹೋಗುವುದರಲ್ಲಿ ಇದೇ ಮೊದಲು. ಯಾಕಂದ್ರೆ ಬರೆದವರು ಒಂದನ್ನ "ಜ್ವರದ್ದು", ಇನ್ನೊಂದನ್ನ "ನೆಗಡಿದು" ಅಂದುಕೊಂಡಿರುತ್ತಾರೆ. ತಾಯಿಯೂ ಹಾಗೇ ಅಂದುಕೊಳ್ಳುತ್ತಾಳೆ.

ಲೆಕ್ಕ ಕೂಡಿಸಿ. 250ರ ಸಿರಪ್ ಹೋಗಿಬಿಟ್ಟಿದ್ದರೆ ಒಂದು ಸಲಕ್ಕೆ 250 ಮತ್ತು 125, ಒಟ್ಟು 375 ಎಂಜಿ. ಮೂರು ಸಲಕ್ಕೆ 1125 ಎಂಜಿ. ಈ ಕೂಸಿನ ಮಿತಿ 720. ರಾತ್ರಿ ಜ್ವರ ಇಳೀಲಿಲ್ಲ ಅಂತ ಮತ್ತೊಂದು ಸಲ ಎರಡನ್ನೂ ಕುಡಿಸಿದರೆ 1500 ಎಂಜಿ, ಮಿತಿಯ ಎರಡರಷ್ಟು. ಒಂದು ದಿನಕ್ಕಿಂತ ಇದು ಮೂರು ನಾಲ್ಕು ದಿನ ನಡೆದಾಗ ಅಪಾಯ ಜಾಸ್ತಿ. ಕೂಸು ಸರಿಯಾಗಿ ಉಣ್ಣುತ್ತಿರೋದಿಲ್ಲ, ವಾಂತಿ ಇರುತ್ತದೆ, ಅಂಥ ಹೊತ್ತಲ್ಲಿ ಲಿವರ್‌ಗೆ ಪೆಟ್ಟು ಬೀಳುವುದು ಸುಲಭ. ಕೆಟ್ಟದ್ದೇನೆಂದರೆ ಮೊದಮೊದಲು ಗೊತ್ತೇ ಆಗೋದಿಲ್ಲ. ವಾಂತಿ, ಊಟ ಸೇರದಿರುವುದು, ಮಂಕಾಗಿ ಮಲಗುವುದು, ಇವೆಲ್ಲ ಜ್ವರದಿಂದಲೇ ಅಂತ ಅನಿಸುತ್ತದೆ. ಅದನ್ನ ನೋಡಿ ಮನೆಯವರು ಇನ್ನೊಂದು ಡೋಸ್ ಕೊಡುತ್ತಾರೆ. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ. "ಮನೆಯಲ್ಲಿ ಬೇರೆ ಸಿರಪ್ ಇದೆಯಾ" ಅಂತ ಕೇಳುವುದೂ ಇದಕ್ಕೇ. ಹೋದ ತಿಂಗಳ ಅರ್ಧ ಬಾಟ್ಲಿ ಕಪಾಟಿನಲ್ಲಿ ಇದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

ಆ ನೆಗಡಿ ಸಿರಪ್‌ನಲ್ಲಿ ಇನ್ನೊಂದು ತೊಡಕೂ ಇದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಹಾಕಲೇಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚನೆ ಕೊಟ್ಟಿದ್ದಾರೆ. ಚೀಟಿಯಲ್ಲಿ ವಯಸ್ಸು ಬರೆದಿರದಿದ್ದರೆ ಇದು ಸಿಕ್ಕಿಬೀಳುವುದೇ ಇಲ್ಲ. ನಮ್ಮ ಕೂಸಿಗೆ ಮೂರು ವರ್ಷ ಅಂತ ತಾಯಿ ಹೇಳಿದ್ದಕ್ಕೇ ಗೊತ್ತಾಯಿತು.

ಸರಿ, ತಪ್ಪು ಗೊತ್ತಾಯಿತು, ನೀವೇ ತಿದ್ದಿ ಕೊಡಬಹುದಿತ್ತಲ್ವಾ ಅಂತ ಕೇಳಬಹುದು. ಕೊಡುವ ಹಾಗಿಲ್ಲ. ಚೀಟಿಯಲ್ಲಿ ಬರೆದ ಔಷಧದ ಬದಲು ಬೇರೆ ಔಷಧ ಕೊಡುವ ಹಕ್ಕು ನಮಗಿಲ್ಲ. ಡೋಸ್ ಬದಲಿಸುವ ಹಕ್ಕೂ ಇಲ್ಲ. ಅಷ್ಟೇ ಅಲ್ಲ, ಡಾಕ್ಟರ್ ಮನಸ್ಸಲ್ಲಿ ಏನಿತ್ತು ಅನ್ನೋದು ನಮಗೆ ಗೊತ್ತಿರೋದಿಲ್ಲ. ಅದಕ್ಕೇ ಫೋನ್. ಫೋನಿನಲ್ಲಿ "ಚೀಟಿ ತಪ್ಪಾಗಿದೆ ಸರ್" ಅಂದರೆ ಮಾತು ಕೆಡುತ್ತದೆ. ನೇರವಾಗಿ ವಿಷಯ ಹೇಳಬೇಕು: "ಸರ್, ಮೂರು ವರ್ಷದ ಮಗು, 12 ಕೆ.ಜಿ. ಜ್ವರದ ಸಿರಪ್ 120 ಕೊಡಲೋ, 250 ಕೊಡಲೋ? ನೆಗಡಿ ಸಿರಪ್‌ನಲ್ಲೂ ಪ್ಯಾರಾಸಿಟಮಾಲ್ ಇದೆ, 4 ವರ್ಷದೊಳಗೆ ಬೇಡ ಅಂತ ಲೇಬಲ್ ಇದೆ. ಏನು ಮಾಡಲಿ?" ಹೆಚ್ಚಿನ ಡಾಕ್ಟರ್‌ಗಳು ಅಲ್ಲೇ ಉತ್ತರ ಕೊಡುತ್ತಾರೆ. ಈ ಕೂಸಿಗೆ ಹೀಗೆ ಹೇಳಬಹುದು: ನೆಗಡಿ ಸಿರಪ್ ಬಿಡಿ, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಕೊಡಿ, 120ರ ಸಿರಪ್ 6 ಎಂಎಲ್. ಅಂದರೆ 144 ಎಂಜಿ, ಕೆ.ಜಿ.ಗೆ 12. ಮತ್ತೆ ಲೆಕ್ಕ ನೋಡಿ, ಸರಿ ಅನಿಸಿದ ಮೇಲೆ ಚೀಟಿಯಲ್ಲಿ ಬದಲಾವಣೆಯನ್ನೂ ಯಾರ ಜೊತೆ, ಎಷ್ಟು ಹೊತ್ತಿಗೆ ಮಾತಾಡಿದ್ದು ಅನ್ನೋದನ್ನೂ ಬರೆದುಕೊಳ್ಳುತ್ತೇವೆ. ದವಾಖಾನೆ ಹತ್ತಿರವೇ ಇದ್ದರೆ ಡಾಕ್ಟರ ಕೈಯಲ್ಲೇ ತಿದ್ದಿಸಿ ಸಹಿ ಹಾಕಿಸಿಕೊಂಡು ಬನ್ನಿ ಅಂತ ಕಳಿಸುವುದು ಇನ್ನೂ ಒಳ್ಳೆಯದು.

ಉಳಿದದ್ದು ಸೆಫಿಕ್ಸಿಮ್. ದಿನಕ್ಕೆ ಕೆ.ಜಿ.ಗೆ 8 ಎಂಜಿ ಅಂದರೆ 96 ಎಂಜಿ. ಸಿರಪ್ 5 ಎಂಎಲ್‌ಗೆ 50 ಎಂಜಿದು, ಎರಡು ಸಲಕ್ಕೆ 100. ಡೋಸ್ ಸರಿಯಾಗಿದೆ. ಆದರೆ ದಿನಕ್ಕೆ 10 ಎಂಎಲ್‌ನಂತೆ ಐದು ದಿನಕ್ಕೆ 50 ಎಂಎಲ್ ಬೇಕು. ಬಾಟ್ಲಿ 30 ಎಂಎಲ್‌ದು. ಒಂದೇ ಬಾಟ್ಲಿ ಒಯ್ದರೆ ಮೂರನೇ ದಿನಕ್ಕೆ ಮುಗಿಯುತ್ತದೆ, ಹಳ್ಳಿಯಿಂದ ಮತ್ತೆ ಯಾರು ಬರ್ತಾರೆ? ಹಾಗಾಗಿ ಎರಡು ಬಾಟ್ಲಿ ಕೊಡಬೇಕು. ಎರಡನೆಯದರ ಪುಡಿಗೆ ನೀರು ಬೆರೆಸುವುದು ಮೊದಲನೆಯದು ಮುಗಿದ ಮೇಲೆ ಮಾತ್ರ ಅಂತ ಹೇಳಿ ಕಳಿಸಬೇಕು.

ಊರು ಯಾವುದು ಅಂತ ಕೇಳಿದ್ದಕ್ಕೂ ಕಾರಣವಿದೆ, ಇಂಥ ಔಷಧದ ಚೀಟಿಯಲ್ಲಿ ರೋಗಿಯ ವಿಳಾಸವೂ ಇರಬೇಕು. ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಅನ್ನುವ ಪಟ್ಟಿಯಲ್ಲಿದೆ. ಈ ಪಟ್ಟಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸಿಕ್ಕಸಿಕ್ಕವರಿಗೆ ಆಂಟಿಬಯೋಟಿಕ್ ಮಾರಿದರೆ ಅವು ಕೆಲಸ ಮಾಡೋದನ್ನೇ ನಿಲ್ಲಿಸುತ್ತವೆ ಅನ್ನೋ ಕಾರಣಕ್ಕೆ ಬಂದದ್ದು. ಟಿಬಿ ಔಷಧಗಳು, ಆಲ್ಪ್ರಜೋಲಮ್‌ನಂಥ ಗುಳಿಗೆ, ಟ್ರಾಮಡಾಲ್ ಕೂಡ ಅದರಲ್ಲಿವೆ. ಇವನ್ನು ಮಾರಿದಾಗ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆವು ಅನ್ನೋದನ್ನ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಇನ್ನು ಚೀಟಿಯಲ್ಲಿ ಡಾಕ್ಟರ ಸಹಿ, ತಾರೀಖು, ರೋಗಿಯ ಹೆಸರು ವಿಳಾಸ, ಡೋಸ್, ಒಟ್ಟು ಪ್ರಮಾಣ ಇರಬೇಕು ಅಂತ 1945ರ ಔಷಧ ನಿಯಮಗಳಲ್ಲೇ ಇದೆ. ಮತ್ತೆ ಕೊಡಿ ಅಂತ ಡಾಕ್ಟರ್ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟಾಗ ಚೀಟಿಯ ಮೇಲೆ ನಮ್ಮ ಅಂಗಡಿಯ ಹೆಸರು, ವಿಳಾಸ, ತಾರೀಖು ಹಾಕುವುದು ಅದಕ್ಕೇ. ಅಣ್ಣನಿಗೆ ಹೋದ ವರ್ಷ ಬರೆದ ಚೀಟಿ ತಂದು ತಮ್ಮನಿಗೆ ಕೊಡಿ ಅಂದರೆ ಆಗೋದಿಲ್ಲ ಅನ್ನುವುದೂ ಇದಕ್ಕೇ.

ದೊಡ್ಡವರ ಚೀಟಿಯಲ್ಲೂ ಇದೇ ಥರದ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ನಮ್ಮ ಭಾಗದವರು ತಪಾಸಣೆಗೆ ಸೊಲ್ಲಾಪುರ, ಹೈದರಾಬಾದ್‌ಗೆ ಹೋಗುವುದು ಜಾಸ್ತಿ. ಇಲ್ಲಿ ಬಿಪಿಗೆ ಆಮ್ಲೋಡಿಪಿನ್ ನಡೆದಿರುತ್ತದೆ, ಅಲ್ಲಿ ಟೆಲ್ಮಿಸಾರ್ಟನ್ ಜೊತೆ ಆಮ್ಲೋಡಿಪಿನ್ ಸೇರಿದ ಗುಳಿಗೆ ಬರೆಯುತ್ತಾರೆ. ಅಜ್ಜ ಎರಡನ್ನೂ ನುಂಗುತ್ತಾರೆ. ಕಾಲು ಬಾತುಕೊಳ್ಳುತ್ತದೆ, ಎದ್ದರೆ ತಲೆ ತಿರುಗುತ್ತದೆ. ಹಳೇ ಗುಳಿಗೆಯ ಸ್ಟ್ರಿಪ್‌ಗಳನ್ನೂ ಚೀಟಿಯ ಜೊತೆ ತಂದು ತೋರಿಸಿದರೆ ಕೌಂಟರಿನಲ್ಲಿ ಎರಡು ನಿಮಿಷದ ಕೆಲಸ.

ನಿಮ್ಮ ಮನೆಯಲ್ಲಿ ಈಗಾಗಲೇ ಜ್ವರದ ಸಿರಪ್, ನೆಗಡಿ ಸಿರಪ್ ಎರಡೂ ನಡೆದಿದ್ದರೆ ಈಗಲೇ ಎರಡೂ ಬಾಟ್ಲಿಯ ಹಿಂದೆ ಓದಿ. ಎರಡರಲ್ಲೂ ಪ್ಯಾರಾಸಿಟಮಾಲ್ ಇದ್ದರೆ ಮುಂದಿನ ಡೋಸ್ ನಿಲ್ಲಿಸಿ, ನಿನ್ನೆಯಿಂದ ಎಷ್ಟು ಎಂಎಲ್, ಎಷ್ಟೆಷ್ಟು ಹೊತ್ತಿಗೆ ಕೊಟ್ಟಿರಿ ಅಂತ ಬರೆದುಕೊಂಡು ಡಾಕ್ಟರಿಗೆ ಫೋನ್ ಮಾಡಿ. ಮಿತಿ ಮೀರಿದೆ ಅಂತಾದರೆ ಕೂಸು ಆಡಿಕೊಂಡೇ ಇದ್ದರೂ ಕಾಯಬೇಡಿ, ದೊಡ್ಡ ದವಾಖಾನೆಗೆ ಕರೆದೊಯ್ಯಿರಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದು ಇದೆ, ಅದು ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡೂ ಬಾಟ್ಲಿ ಜೊತೆಗೇ ಒಯ್ಯಿರಿ.