‘ಇಂಟಿಗ್ರೇಟೆಡ್’ ಅಂದ್ರೆ ಒಂದೇ ಫೋಟೊ ನಾಲ್ಕು ಕಡೆ ಹಾಕೋದಲ್ಲ

ಮಂಡ್ಯ ಕಡೆಯ ಒಂದು ಬೆಲ್ಲದ ಯೂನಿಟ್‌ನೋರು ಮೊನ್ನೆ ‘ನಮ್ದು ಇಂಟಿಗ್ರೇಟೆಡ್ ಕ್ಯಾಂಪೇನ್’ ಅಂತ ತೋರಿಸಿದ್ರು, ನೋಡಿದ್ರೆ ಅದೇ ಫೋಟೊ ಅದೇ ಸಾಲು ಫ್ಲೆಕ್ಸಲ್ಲೂ ಇದೆ, ಪೇಪರಲ್ಲೂ ಇದೆ, ಆಟೋ ಹಿಂದೇನೂ ಇದೆ. ಅದು ಮೂರು ಜಾಗದಲ್ಲಿರೋ ಒಂದೇ ಜಾಹೀರಾತು ಅಷ್ಟೆ. ಈ ಪದಾನ ಹಿಂಗೆ ಬಳಸೋದು ನೋಡಿ ನೋಡಿ ಸಾಕಾಗಿದೆ.

ಇದರ ಬೇರು ಲ್ಯಾಟಿನ್ನಿನ ‘ಇಂಟಿಜರ್’, ಇಡಿಯಾಗಿರೋದು ಅಂತ ಅರ್ಥ, ಗಣಿತದ ಪೂರ್ಣಾಂಕಕ್ಕೆ ಇಂಗ್ಲಿಷಲ್ಲಿ ಇರೋದೂ ಅದೇ ಹೆಸರು. ನಮ್ಮಲ್ಲಿ ಗೊಂದಲ ಆಗೋದು ಎಲ್ಲಾದಕ್ಕೂ ‘ಪ್ರಚಾರ’ ಅನ್ನೋದ್ರಿಂದ. ಜಾಹೀರಾತು ಅರಬ್ಬಿಯ ‘ಜಾಹಿರ್’ನಿಂದ ಬಂದಿದ್ದು, ಎದ್ದು ಕಾಣೋದು ಅಂತ. ದುಡ್ಡು ಕೊಟ್ಟು ಜಾಗ ತಗೊಂಡು ನಮ್ಮ ಮಾತು ನಾವೇ ಹೇಳ್ಕೊಳ್ಳೋದು. ಪಬ್ಲಿಕ್ ರಿಲೇಶನ್ಸ್‌ನಲ್ಲಿ ಜಾಗಕ್ಕೆ ದುಡ್ಡಿಲ್ಲ, ನಮ್ಮ ಬಗ್ಗೆ ಇನ್ನೊಬ್ರು ಹೇಳ್ಬೇಕು, ಅದಕ್ಕೇ ಜನ ನಂಬೋದು, ಅವರೇನು ಬರೀತಾರೋ ಅದು ನಮ್ಮ ಕೈಲಿಲ್ಲ. ದುಡ್ಡು ಕೊಟ್ಟು ಸುದ್ದಿ ಥರ ಹಾಕಿಸಿದ್ರೆ ಅದು ಪಿಆರ್ ಅಲ್ಲ ಸ್ವಾಮಿ, ಜಾಹೀರಾತೇ.

ಈಗ ಆ ಬೆಲ್ಲಕ್ಕೇ ಬನ್ನಿ. ಬೆಲ್ಲದ ಬಣ್ಣ ತಿಳಿಯಾಗ್ಲಿ ಅಂತ ಹಾಕೋ ಹೈಡ್ರೋಸ್ ಅನ್ನೋ ಕೆಮಿಕಲ್ ಇವರು ಹಾಕಲ್ಲ, ಹಂಗಾಗಿ ಬಣ್ಣ ಕಪ್ಪು, ಬೆಲೆ ಜಾಸ್ತಿ. ಗಿರಾಕಿ ಅನುಮಾನ ಒಂದೇ, ‘ಇದ್ಯಾಕೆ ಕಪ್ಪಗಿದೆ, ಹಳೇದಾ?’ ಜಾಹೀರಾತು, ಪಿಆರ್, ಸೇಲ್ಸ್ ಪ್ರಮೋಷನ್, ಪರ್ಸನಲ್ ಸೆಲ್ಲಿಂಗ್, ಈ ನಾಲ್ಕೂ ಕೆಲಸ ಸೇರಿ ಈ ಒಂದು ಪ್ರಶ್ನೆಗೆ ಉತ್ತರ ಕೊಟ್ರೆ ಅದು ಇಂಟಿಗ್ರೇಟೆಡ್.

ಸಂಕ್ರಾಂತಿಗೆ ಮುಂಚೆ, ಜಾಹೀರಾತು ಇನ್ನೂ ಬಂದಿಲ್ಲದಾಗ್ಲೇ, ವರದಿಗಾರರನ್ನ ಆಲೆಮನೆಗೆ ಕರ್ಕೊಂಡೋಗ್ಬೇಕಿತ್ತು, ಕುದಿಯೋ ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಹಾಕಿ ಮೇಲೆ ಬರೋ ಕೊಳೆ ತೆಗೆಯೋದನ್ನ ಅವರೇ ನೋಡ್ಬೇಕಿತ್ತು. ಜಾಹೀರಾತು ಬಂದ್ಮೇಲೆ ಕರೆದ್ರೆ ಅವರಿಗೆ ಅದ್ರಲ್ಲಿ ಸುದ್ದಿ ಏನಿದೆ? ಆಮೇಲೆ ಜಾಹೀರಾತು, ‘ಕಪ್ಪಗಿದೆ, ಹೈಡ್ರೋಸ್ ಇಲ್ಲ’ ಅಂತ ನೇರವಾಗಿ. ಸೇಲ್ಸ್ ಪ್ರಮೋಷನ್ ಅಂದ್ರೆ ಜನ ಈಗ್ಲೇ ತಗೊಳ್ಳೋ ಹಾಗೆ ಕೊಡೋ ಆಮಿಷ, ಇಲ್ಲಿಗೆ ಒಪ್ಪೋದು ಹತ್ತು ರೂಪಾಯಿಯ ಚಿಕ್ಕ ಪ್ಯಾಕ್, ರುಚಿ ನೋಡ್ಲಿ ಅಂತ.

ಇವರು ಮಾಡಿದ್ದು ಒಂದು ಕೊಂಡ್ರೆ ಒಂದು ಫ್ರೀ! ಕಪ್ಪು ಬೆಲ್ಲ, ಮೇಲೆ ಫ್ರೀ ಬೇರೆ. ನಾನೇ ಅಂಗಡೀಲಿ ನಿಂತಿದ್ದಾಗ ಒಬ್ಬ ಅಮ್ಮ ‘ಯಾಕಪ್ಪಾ ಇದು ಫ್ರೀ?’ ಅಂದ್ರು, ಅಂಗಡಿಯೋರು ‘ಹಳೇ ಸ್ಟಾಕ್ ಇರ್ಬೇಕು ಕಣಮ್ಮ’ ಅಂದ್ಬಿಟ್ರು. ಲಕ್ಷಗಟ್ಟಲೆ ಜಾಹೀರಾತು ಹೇಳಿದ್ದನ್ನ ಆ ಒಂದು ಮಾತು ಅಳಿಸಾಕ್ತು. ಪರ್ಸನಲ್ ಸೆಲ್ಲಿಂಗ್, ಅಂದ್ರೆ ಎದುರಿಗೆ ನಿಂತು ತಿಳಿಸಿ ಹೇಳಿ ಮಾರೋದು, ಇಲ್ದೇ ಇದ್ದಿದ್ದು ಕಂಡಿದ್ದು ಇಲ್ಲೇ: ಕಂಪನಿ ಹುಡುಗ ಅಂಗಡಿಗೆ ಆರ್ಡರ್ ಬರ್ಕೊಳ್ಳೋಕೆ ಮಾತ್ರ ಬರ್ತಿದ್ದ, ಬಿಳಿ ಅಚ್ಚು ಕಪ್ಪಚ್ಚು ಎರಡೂ ಮುಂದಿಟ್ಟು ವ್ಯತ್ಯಾಸ ಯಾಕೆ ಅಂತ ಅಂಗಡಿಯೋರಿಗೆ ಒಂದ್ಸಲಾನೂ ಹೇಳಿರ್ಲಿಲ್ಲ.

ಆಫರ್ ತಿಂಗಳಲ್ಲಿ ಮಾಲು ಜಾಸ್ತಿ ಹೋಯ್ತು ಅಂತ ಅವರು ಖುಷಿಯಾಗಿದ್ರು. ಅದರ ಮುಂದಿನ ಎರಡು ತಿಂಗಳು ನೋಡ್ಬೇಕು. ಆಫರ್‌ಗಿಂತ ಮುಂಚೆ ಇದ್ದಿದ್ದಕ್ಕಿಂತ ಕೆಳಗೆ ಇಳಿದಿದ್ರೆ, ಹಳೇ ಗಿರಾಕಿಗಳೇ ಡಬ್ಬಿ ತುಂಬಿಸ್ಕೊಂಡಿದಾರೆ, ಹೊಸಬರು ಯಾರೂ ಬಂದಿಲ್ಲ.