ಹದಿನೈದು ಚುಕ್ಕಿಯ ಮುಖ

ಹೋದ ಮಳೆಗಾಲದಲ್ಲಿ ಮಾಟುಂಗದ ನಮ್ಮ ಸೊಸೈಟಿಯಿಂದ ಒಂದು ಸೈಕಲ್ ಕಳುವಾಯಿತು. ಬೆಳಿಗ್ಗೆ ವಾಚ್‌ಮನ್ ಕ್ಯಾಬಿನ್ನಿನ ಮಾನಿಟರಿಗೆ ಯಾರೋ ಮೊಬೈಲ್ ಹಿಡಿದು ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಹತ್ತೇ ನಿಮಿಷದಲ್ಲಿ ಹೆಸರೂ ಬಂತು. "ನಮ್ಮ ಇಸ್ತ್ರಿ ಹುಡುಗ!" ಎರಡನೇ ಮಹಡಿಯ ಶೆಟ್ರು, "ಮೂಗು ನೋಡಿ ಮಾರಾಯ್ರೆ, ಅವನದ್ದೇ" ಎಂದರು.

ನಾನು ಕ್ಯಾಮೆರಾ ಕೂರಿಸುವ ಕೆಲಸದವನು. ಆ ಫೋಟೊದಲ್ಲಿ ಮೂಗೇ ಇರಲಿಲ್ಲ.

ಲೆಕ್ಕ ಸುಲಭ. ನಮ್ಮ ಗೇಟಿನ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಚುಕ್ಕಿ, ಅಂದರೆ ಪಿಕ್ಸೆಲ್. ಲೆನ್ಸು ಅಗಲದ್ದು, ಹಾಗಾಗಿ 10 ಮೀಟರ್ ದೂರದಲ್ಲಿ ಅದು ಸುಮಾರು 20 ಮೀಟರ್ ಅಗಲ ನೋಡುತ್ತದೆ. ಭಾಗಿಸಿದರೆ ಮೀಟರಿಗೆ 96 ಚುಕ್ಕಿ. ಮುಖ 16 ಸೆಂಟಿಮೀಟರ್ ಅಗಲ ಎಂದುಕೊಂಡರೆ ಅದಕ್ಕೆ ಸಿಗುವುದು ಹದಿನೈದು ಚುಕ್ಕಿ. ಎರಡು ಕಣ್ಣಿನ ನಡುವೆ ಆರು, ಮೂಗಿಗೆ ಮೂರು ಅಥವಾ ನಾಲ್ಕು. ಕ್ಯಾಮೆರಾ ಕೂರಿಸಲು ಇರುವ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ, ಅಪರಿಚಿತನನ್ನು ಗುರುತಿಸಬೇಕಾದರೆ ಮೀಟರಿಗೆ 250 ಚುಕ್ಕಿ ಬೇಕು ಎನ್ನುತ್ತದೆ. ಮುಖಕ್ಕೆ ನಲವತ್ತು.

ಆ ಹದಿನೈದೂ ಪೂರ್ತಿ ನಿಜವಲ್ಲ. ಜಾಗ ಉಳಿಸಲು ರೆಕಾರ್ಡರು ಚಿತ್ರವನ್ನು ಚೌಕಗಳಾಗಿ ಕತ್ತರಿಸಿ, ಸಣ್ಣ ವಿವರಗಳನ್ನು ಬಿಸಾಕುತ್ತದೆ. ಎಚ್.264 ಎಂಬ ಸಾಮಾನ್ಯ ಪದ್ಧತಿಯಲ್ಲಿ ಚೌಕ 16×16 ಚುಕ್ಕಿಯದು. ಕಳ್ಳನ ಇಡೀ ಮುಖ ಒಂದು ಚೌಕಕ್ಕೆ ಹತ್ತಿರ! ರಾತ್ರಿ ಬೇರೆ. ಬೆಳಕು ಸಾಲದೆ ಕ್ಯಾಮೆರಾ ಸೆಕೆಂಡಿನ 25ನೇ ಒಂದು ಭಾಗ ಕಣ್ಣು ತೆರೆದಿಟ್ಟರೆ, ನಡೆಯುವವನು ಅಷ್ಟರಲ್ಲಿ ಐದು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಐದು ಚುಕ್ಕಿ ಒಂದರ ಮೇಲೊಂದು ಮೆತ್ತಿಕೊಂಡಿತು ಅಂತ ಅರ್ಥ. ಇನ್‌ಫ್ರಾರೆಡ್ ದೀಪದಲ್ಲಿ ಕೆಲವು ಕಪ್ಪು ಅಂಗಿಗಳು ಬೆಳ್ಳಗೆ ಕಾಣುತ್ತವೆ, ಬಣ್ಣದ ಮಾತೂ ಕೈಕೊಡುತ್ತದೆ. ಆ್ಯಪಿಗೆ ಹಾಕಿ "ಕ್ಲಿಯರ್" ಮಾಡಿದರೆ ಬರುವ ಚಂದದ ಮುಖ ಕಳ್ಳನದಲ್ಲ, ಆ್ಯಪು ಊಹಿಸಿ ಬರೆದದ್ದು.

ಹಾಗಾದರೆ ಶೆಟ್ರಿಗೆ ಮೂಗು ಕಂಡಿದ್ದು ಹೇಗೆ? ಹೆಸರು ಮೊದಲೇ ಕಿವಿಗೆ ಬಿದ್ದಿತ್ತು. ಉಳಿದದ್ದನ್ನು ತಲೆ ತುಂಬಿಕೊಂಡಿತು.

1999ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಕಾಲೇಜಿನ ಅಧ್ಯಾಪಕರು ನಡೆದು ಹೋಗುವ ಕಳಪೆ ಸಿಸಿಟಿವಿ ದೃಶ್ಯ ತೋರಿಸಿದಾಗ, ಅವರ ಪಾಠ ಕೇಳಿದ್ದ ವಿದ್ಯಾರ್ಥಿಗಳು ಚೆನ್ನಾಗಿ ಗುರುತು ಹಿಡಿದರು. ಪರಿಚಯ ಇಲ್ಲದವರು ತಪ್ಪಿದರು. ಅನುಭವಿ ಪೊಲೀಸರೂ ಅವರಿಗಿಂತ ವಾಸಿ ಇರಲಿಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಚಿತ್ರ ಸ್ಪಷ್ಟವಾಗೇ ಇತ್ತು. ಹತ್ತು ಫೋಟೊಗಳಲ್ಲಿ ಅದೇ ಅಪರಿಚಿತನನ್ನು ಆರಿಸಿ ಎಂದರೆ ನೂರಕ್ಕೆ ಸುಮಾರು ಮೂವತ್ತು ಸಲ ತಪ್ಪು. ಬಾಗಿಲಲ್ಲಿ ಅರ್ಧ ನಿಮಿಷ ನಿಂತು ಬಟ್ಟೆ ಕೊಟ್ಟು ಹೋಗುವ ಹುಡುಗ ನಮಗೆ ಪರಿಚಿತನಾ, ಅಪರಿಚಿತನಾ? ಹೇಳಿ ನೋಡೋಣ.

ಸರಿ, ಹೋಲಿಕೆ ಇದೆ ಎಂದೇ ಇಟ್ಟುಕೊಳ್ಳೋಣ. ಸಾವಿರಕ್ಕೆ ಒಬ್ಬ ಮಾತ್ರ ಹಾಗೆ ಕಾಣುತ್ತಾನೆ ಅನ್ನಿ. 2011ರ ಜನಗಣತಿಯಲ್ಲೇ ಮುಂಬಯಿಯ ಜನ 1.24 ಕೋಟಿ. ಅಂದರೆ ಹಾಗೆ ಕಾಣುವವರು ಹನ್ನೆರಡು ಸಾವಿರಕ್ಕೂ ಜಾಸ್ತಿ. 2025ರ ಜನವರಿಯಲ್ಲಿ ನಟ ಸೈಫ್ ಅಲಿ ಖಾನ್ ಮೇಲೆ ಬಾಂದ್ರಾದಲ್ಲಿ ಹಲ್ಲೆ ಆದಾಗ, ಛತ್ತೀಸ್‌ಗಢದ ದುರ್ಗ್‌ನಲ್ಲಿ ಒಬ್ಬ ಪ್ರಯಾಣಿಕನನ್ನು ಶಂಕಿತನೆಂದು ರೈಲಿನಿಂದ ಇಳಿಸಿದ್ದರು. ಬೇರೊಬ್ಬನನ್ನು ಬಂಧಿಸಿದ ಮೇಲೆ ಅವನನ್ನು ಬಿಟ್ಟರು. ಅಷ್ಟರಲ್ಲಿ ಅವನ ಮುಖ ಟಿವಿಯಲ್ಲೆಲ್ಲ ಓಡಾಡಿತ್ತು.

ಗ್ರೂಪಿಗೆ ಫೋಟೊ ಹಾಕುವುದರಿಂದ ಇನ್ನೊಂದು ಹಾನಿ ಇದೆ. ಪೊಲೀಸರು ಮುಂದೆ ಗುರುತಿನ ಪೆರೇಡ್ ಮಾಡಿಸಿದರೆ, ಸಾಕ್ಷಿ ನೆನಪಿಸಿಕೊಳ್ಳುವುದು ಕಳ್ಳನನ್ನಾ, ವಾಟ್ಸಾಪ್ ಫೋಟೊವನ್ನಾ? ಬೇರ್ಪಡಿಸಲು ದಾರಿಯಿಲ್ಲ.

ನಾನು ಮೊದಲು ಗಡಿಯಾರ ನೋಡಿದೆ. ರೆಕಾರ್ಡರು ಮೊಬೈಲಿಗಿಂತ 23 ನಿಮಿಷ ಮುಂದಿತ್ತು. ಯಾರು ಯಾವಾಗ ಎಲ್ಲಿದ್ದರು ಎಂಬ ಅಲ್ಲಿಯವರೆಗಿನ ವಾದವೆಲ್ಲ ತಪ್ಪು ಹೊತ್ತಿನ ಮೇಲೆ ನಡೆದಿತ್ತು. ಮೂಲ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿಟ್ಟೆ, ಮಾನಿಟರಿನ ಫೋಟೊ ಯಾವ ಕೆಲಸಕ್ಕೂ ಬರುವುದಿಲ್ಲ. ಆಮೇಲೆ ಎತ್ತರ. ದೃಶ್ಯದಲ್ಲಿ ಕಳ್ಳ ಗೇಟಿನ ಕಂಬದ ಪಕ್ಕ ಹಾದು ಹೋಗುತ್ತಾನೆ. ಅವನ ತಲೆ ಕಂಬದ ಮೇಲಿನ ಬೋಲ್ಟಿಗೆ ಸರಿಯಾಗಿತ್ತು. ಇಸ್ತ್ರಿ ಹುಡುಗನನ್ನು, ಅವನು ಒಪ್ಪಿದ ಮೇಲೆ, ಅದೇ ಜಾಗದಲ್ಲಿ ನಿಲ್ಲಿಸಿ ಅದೇ ಕ್ಯಾಮೆರಾದಲ್ಲಿ ನೋಡಿದೆವು. ತಲೆ ಬೋಲ್ಟಿಗಿಂತ ಹದಿಮೂರು ಚುಕ್ಕಿ ಮೇಲೆ. ಅಲ್ಲಿ ಒಂದು ಚುಕ್ಕಿ ಅಂದರೆ ಸುಮಾರು ಒಂದು ಸೆಂಟಿಮೀಟರ್. ನಡೆಯುವಾಗ ತಲೆ ಕೆಳಗೆ ಮೇಲೆ ಆಗುತ್ತದೆ, ಚಪ್ಪಲಿಯ ದಪ್ಪವೂ ಸೇರುತ್ತದೆ, ಆದರೂ ಹದಿಮೂರರಷ್ಟು ವ್ಯತ್ಯಾಸ ಬರುವುದಿಲ್ಲ.

ಮಬ್ಬು ಚಿತ್ರ ಇಂಥ ಕೆಲಸಕ್ಕೆ ಪರವಾಗಿಲ್ಲ. ಇವನಲ್ಲ ಎಂದು ಹೇಳಬಲ್ಲದು. ಇವನೇ ಎನ್ನಲು ಎತ್ತರ ಹೊಂದಿದರೂ ಸಾಲದು. ಎದುರಿನ ಅಂಗಡಿಯ ಕ್ಯಾಮೆರಾ, ರಸ್ತೆಯ ಕ್ಯಾಮೆರಾ, ಹೀಗೆ ಒಂದರಿಂದ ಒಂದಕ್ಕೆ ಅವನ ದಾರಿ ಕಡಿಯದೆ ಸಿಗಬೇಕು, ಇಲ್ಲವೇ ಸೈಕಲ್ಲೇ ಅವನ ಹತ್ತಿರ ಸಿಗಬೇಕು. ನಮ್ಮಲ್ಲಿ ಎರಡೂ ಸಿಗಲಿಲ್ಲ.

ಹುಡುಗ ಈಗಲೂ ಬರುತ್ತಾನೆ. ಮೂರು ಮನೆಯವರು ಮಾತ್ರ ಬಟ್ಟೆಯನ್ನು ಬೇರೆ ಕಡೆ ಕೊಡುತ್ತಾರೆ.